ಹ್ಯಾಷ್‌ಟ್ಯಾಗನ್ನು ಹರಡಿದವರು ಯಾರು? ಪ್ರತಿಭಟನೆಯ ಜಾಲವನ್ನು ಅಳೆಯುವ ಬಗೆ, ಮಾದರಿಯ ಮಿತಿ, ಬಚ್ಚಿಡಬೇಕಾದ ಹೆಸರುಗಳು

ಎಲ್ಲಾದರೂ ಒಂದು ಪ್ರತಿಭಟನೆ ದೊಡ್ಡ ಸುದ್ದಿಯಾಯಿತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: ‘ಈ ಹ್ಯಾಷ್‌ಟ್ಯಾಗನ್ನು ಹರಡಿದ್ದು ಯಾರು, ಅದನ್ನು ಕಂಡುಹಿಡಿಯುವುದು ಹೇಗೆ?’ ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಪತ್ರಕರ್ತರಿದ್ದಾರೆ, ಸುಮ್ಮನೆ ಕುತೂಹಲ ಇರುವವರೂ ಇದ್ದಾರೆ. ಹೆಚ್ಚಿನವರ ಮನಸ್ಸಿನಲ್ಲಿ ಉತ್ತರ ಆಗಲೇ ತಯಾರಾಗಿರುತ್ತದೆ. ಕೆಲವರಿಗೆ ಅದು ನಾಲ್ಕು ದೊಡ್ಡ ಖಾತೆಗಳ ಕೆಲಸ, ಕೆಲವರಿಗೆ ತಾನಾಗಿ ಎದ್ದ ಜನಸಾಗರ. ಇವೆರಡರಲ್ಲಿ ಯಾವುದು ನಿಜಕ್ಕೆ ಹತ್ತಿರ ಎಂಬುದನ್ನು ಒಂದು ಮಟ್ಟದವರೆಗೆ ಅಳೆಯಬಹುದು. ಆ ಮಟ್ಟ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ, ಏಕೆಂದರೆ ನಾನು ನೋಡಿದ ವಿಶ್ಲೇಷಣೆಗಳಲ್ಲಿ ಬಹುಪಾಲು ಎಡವಿರುವುದು ಅಲ್ಲಿಯೇ.

ಒಂದು ನಿಜವಾದ ಪ್ರಕರಣವನ್ನು ಮುಂದಿಟ್ಟುಕೊಳ್ಳೋಣ. 2013ರ ಮೇ ಕೊನೆಯಲ್ಲಿ ಇಸ್ತಾಂಬುಲ್‌ನ ತಕ್ಸಿಮ್ ಚೌಕದ ಪಕ್ಕದ ಗೆಜಿ ಉದ್ಯಾನದಲ್ಲಿ ಮರ ಕಡಿಯುವುದನ್ನು ತಡೆಯಲು ಕೆಲವೇ ಜನ ಕುಳಿತರು. ಪೊಲೀಸರು ಅವರನ್ನು ಬಲವಂತವಾಗಿ ಎಬ್ಬಿಸಿದ ಮೇಲೆ, ಮೇ 31ರ ಹೊತ್ತಿಗೆ ಅದು ದೇಶವ್ಯಾಪಿ ಪ್ರತಿಭಟನೆಯಾಯಿತು. ಟ್ವಿಟರ್‌ನಲ್ಲಿ `#direngeziparki`, `#occupygezi` ಎಂಬ ಹ್ಯಾಷ್‌ಟ್ಯಾಗ್‌ಗಳು ಓಡಾಡಿದವು. ಪಾಬ್ಲೊ ಬಾರ್ಬೆರಾ ಮತ್ತು ಸಂಗಡಿಗರು ಈ ದತ್ತಾಂಶವನ್ನು ಅಭ್ಯಸಿಸಿ 2015ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದು ಇದು: ನಡುವೆ ಒತ್ತಾಗಿ ಹೆಣೆದುಕೊಂಡ ಸಣ್ಣ ಗುಂಪೊಂದು ಬಹಳ ಚುರುಕಾಗಿ ಬರೆಯುತ್ತಿತ್ತು. ಸುತ್ತಲಿನ ಲೆಕ್ಕವಿಲ್ಲದಷ್ಟು ಜನ ತಲಾ ಒಂದೆರಡು ಸಲ ಮಾತ್ರ ಹಂಚಿಕೊಂಡಿದ್ದರು. ಆದರೆ ಆ ಸುತ್ತಲಿನವರೆಲ್ಲ ಸೇರಿ ಸಂದೇಶವನ್ನು ಮುಟ್ಟಿಸಿದ ದೂರ, ನಡುವಿನ ಗುಂಪು ಮುಟ್ಟಿಸಿದ ದೂರಕ್ಕೆ ಸರಿಗಟ್ಟುವಂತಿತ್ತು. ಈ ಲೇಖನದಲ್ಲಿ ನಡುವಿನವರನ್ನು ‘ತಿರುಳು’ ಎಂದೂ ಸುತ್ತಲಿನವರನ್ನು ‘ಅಂಚು’ ಎಂದೂ ಕರೆಯುತ್ತೇನೆ. ನೀವು ಕಟ್ಟಲಿರುವುದು ಇಂಥದೇ ಒಂದು ಲೆಕ್ಕವನ್ನು. ಮಾದರಿ ಸೋರುವುದೂ ಅಂಚಿನಲ್ಲಿಯೇ ಎಂಬುದನ್ನು ಮುಂದೆ ನೋಡುತ್ತೀರಿ.

ಬೇಕಾಗುವುದು

ಸಾಧಾರಣ ಲ್ಯಾಪ್‌ಟಾಪ್ ಸಾಕು. ಪೈಥಾನ್ ಭಾಷೆಯ ಅಲ್ಪ ಪರಿಚಯ, ಅದರಲ್ಲಿ `pandas` ಮತ್ತು `networkx` ಎಂಬ ಎರಡು ಸಂಗ್ರಹಗಳು, ಚಿತ್ರ ಬಿಡಿಸಲು ಗೆಫಿ ಎಂಬ ಉಚಿತ ತಂತ್ರಾಂಶ. ಚಿತ್ರ ಬಿಡಿಸುವುದು ಕಡ್ಡಾಯವಲ್ಲ. ಬಣ್ಣಬಣ್ಣದ ಹತ್ತಿಯುಂಡೆಯಂಥ ಜಾಲಚಿತ್ರಗಳು ನೋಡಲು ಚೆನ್ನ, ಓದಲು ಹೆಚ್ಚೇನೂ ಇರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇದ್ದರೆ ಅಲ್ಲಿಯ ನೈತಿಕ ಸಮಿತಿಯ ಅನುಮತಿ ಬೇಕು. ಅಂಥ ಸಮಿತಿ ಇಲ್ಲದವರು ಎರಡನೆಯ ಹಂತವನ್ನು ಎರಡು ಸಲ ಓದಿ.

ನಾಲ್ಕು ಪದಗಳನ್ನು ಮೊದಲೇ ತಿಳಿದುಕೊಂಡಿರಿ. ‘ಖಾತೆ’ ಎಂದರೆ ಜಾಲದ ಒಂದು ಬಿಂದು. ‘ಕೊಂಡಿ’ ಎಂದರೆ ಎರಡು ಖಾತೆಗಳ ನಡುವಿನ ಸಂಬಂಧ. ಇಲ್ಲಿ ಒಬ್ಬರ ಸಂದೇಶವನ್ನು ಇನ್ನೊಬ್ಬರು ಮರುಹಂಚಿದರೆ ಒಂದು ಕೊಂಡಿ. ‘ಮಾದರಿ’ ಎಂದರೆ ಇಡೀ ರಾಶಿಯಿಂದ ನಿಮ್ಮ ಕೈಗೆ ಸಿಕ್ಕ ಪಾಲು. ‘ಎಪಿಐ’ ಎಂದರೆ ತಾಣವೊಂದು ತನ್ನ ದತ್ತಾಂಶವನ್ನು ಇನ್ನೊಂದು ತಂತ್ರಾಂಶಕ್ಕೆ ಕೊಡುವ ಕಿಟಕಿ.

ಹಂತ 1: ಪ್ರಶ್ನೆಯನ್ನು ಕಿರಿದಾಗಿಸಿ, ಪಟ್ಟಿಯನ್ನು ಹಿರಿದಾಗಿಸಿ

‘ಯಾರು ಹರಡಿದರು’ ಎಂಬುದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ‘ಈ ಹತ್ತು ದಿನಗಳ ಮರುಹಂಚಿಕೆಗಳಲ್ಲಿ ತಿರುಳಿನ ಪಾಲೆಷ್ಟು, ಅಂಚಿನ ಪಾಲೆಷ್ಟು’ ಎಂಬುದಕ್ಕೆ ಉತ್ತರವಿದೆ. ದತ್ತಾಂಶ ಇಳಿಸಿಕೊಳ್ಳುವ ಮೊದಲೇ ಇದನ್ನು ಒಂದು ವಾಕ್ಯದಲ್ಲಿ ಬರೆದು ತಾರೀಖು ಹಾಕಿ ಇಟ್ಟುಕೊಳ್ಳಿ. ಆಮೇಲೆ ಬರೆದರೆ, ಕಂಡ ಉತ್ತರಕ್ಕೆ ಒಪ್ಪುವ ಪ್ರಶ್ನೆಯನ್ನು ಬರೆಯುತ್ತೀರಿ.

ಹ್ಯಾಷ್‌ಟ್ಯಾಗ್‌ಗಳ ಪಟ್ಟಿ ಮಾತ್ರ ಉದ್ದವಾಗಿರಲಿ. ಸ್ಪೇನ್‌ನ 2011ರ ಮೇ ತಿಂಗಳ ಪ್ರತಿಭಟನೆಯನ್ನು ಅಭ್ಯಸಿಸಿದ ತಂಡ ಒಂದಲ್ಲ, 70 ಹ್ಯಾಷ್‌ಟ್ಯಾಗ್‌ಗಳನ್ನು ಹಿಂಬಾಲಿಸಿತ್ತು. ಒಂದೇ ಹ್ಯಾಷ್‌ಟ್ಯಾಗ್ ಹಿಡಿದರೆ ಒಂದೇ ಊರಿನ, ಒಂದೇ ಭಾಷೆಯ, ಒಂದೇ ಬಣದ ಜನ ಸಿಗುವ ಸಾಧ್ಯತೆ ಹೆಚ್ಚು. ಕಾಗುಣಿತದ ರೂಪಾಂತರಗಳು, ಬೇರೆ ಲಿಪಿಯಲ್ಲಿ ಬರೆದವು, ವಿರೋಧಿಗಳು ಹುಟ್ಟುಹಾಕಿದ ಪ್ರತಿ-ಹ್ಯಾಷ್‌ಟ್ಯಾಗ್‌ಗಳು, ಎಲ್ಲವೂ ಪಟ್ಟಿಯಲ್ಲಿರಲಿ. ಕನ್ನಡದ ಹ್ಯಾಷ್‌ಟ್ಯಾಗ್ ಆದರೆ ಇನ್ನೊಂದು ತೊಡಕಿದೆ. ‘ೊ’ ಎಂಬ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಎಣಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ:

```python
import unicodedata
tag = unicodedata.normalize("NFC", tag)
```

ಕಾಲಾವಧಿ ಪ್ರತಿಭಟನೆಯ ಮೊದಲ ದಿನದಿಂದ ಶುರುವಾಗುವುದು ಬೇಡ. ಕನಿಷ್ಠ ಒಂದು ವಾರ ಹಿಂದಿನಿಂದ ತೆಗೆದುಕೊಳ್ಳಿ. ಆಗ ಹ್ಯಾಷ್‌ಟ್ಯಾಗ್ ಹುಟ್ಟುವ ಮೊದಲೇ ಆ ಜನ ಪರಸ್ಪರ ಮಾತಾಡುತ್ತಿದ್ದರೋ ಇಲ್ಲವೋ ತಿಳಿಯುತ್ತದೆ. ಹಾಗೆಯೇ ಪ್ರತಿಭಟನೆಯಲ್ಲದ ಒಂದು ವಿಷಯದ ಹ್ಯಾಷ್‌ಟ್ಯಾಗನ್ನೂ ಇದೇ ವಿಧಾನದಲ್ಲಿ ಸಂಗ್ರಹಿಸಿ. ಬಾರ್ಬೆರಾ ತಂಡ ಆಸ್ಕರ್ ಸಮಾರಂಭದ ಮಾತುಕತೆಯನ್ನು ಪಕ್ಕದಲ್ಲಿಟ್ಟು ನೋಡಿತ್ತು. ಹೋಲಿಕೆಗೆ ಒಂದು ಇಲ್ಲದಿದ್ದರೆ, ‘ಅಂಚಿನ ಪಾಲು ಇಷ್ಟಿದೆ’ ಎಂಬ ಮಾತು ಪ್ರತಿಭಟನೆಯ ಗುಣವೋ ತಾಣದ ಗುಣವೋ ಹೇಳಲಾಗುವುದಿಲ್ಲ.

ಒಂದು ಎಚ್ಚರಿಕೆ: ಹ್ಯಾಷ್‌ಟ್ಯಾಗ್ ಬಳಕೆ ಇಳಿದರೆ ಪ್ರತಿಭಟನೆ ತಣ್ಣಗಾಯಿತೆಂದು ಬರೆಯಬೇಡಿ. ಗೆಜಿಯಲ್ಲಿ ಕೆಲವೇ ದಿನಗಳಲ್ಲಿ ಜನ ಹ್ಯಾಷ್‌ಟ್ಯಾಗ್ ಹಾಕುವುದನ್ನು ಬಿಟ್ಟರು, ಮಾತನ್ನಲ್ಲ. ಎಲ್ಲರೂ ಅದನ್ನೇ ಮಾತಾಡುತ್ತಿರುವಾಗ ಹಣೆಪಟ್ಟಿ ಯಾರಿಗೆ ಬೇಕು? ಸಮಾಜಶಾಸ್ತ್ರಜ್ಞೆ ಝೆಯ್ನೆಪ್ ತುಫೆಕ್ಚಿ ಇದನ್ನು 2014ರಲ್ಲೇ ಎತ್ತಿ ತೋರಿಸಿದ್ದರು. ಇದಕ್ಕೆ ಮದ್ದು ಸರಳ: ಹ್ಯಾಷ್‌ಟ್ಯಾಗ್ ಬಳಸಿದ ಖಾತೆಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಆರಿಸಿ, ಆ ದಿನಗಳಲ್ಲಿ ಅವು ಬರೆದ ಎಲ್ಲ ಸಂದೇಶಗಳನ್ನೂ ನೋಡಿ, ಹ್ಯಾಷ್‌ಟ್ಯಾಗ್ ಇಲ್ಲದೆಯೇ ವಿಷಯಕ್ಕೆ ಸೇರಿದವು ದಿನಕ್ಕೆಷ್ಟು ಎಂದು ಎಣಿಸಿ.

ಹಂತ 2: ಸಂಗ್ರಹಿಸುವ ಮೊದಲು ಏನನ್ನು ಇಟ್ಟುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿ

ನೈತಿಕತೆಯ ಮಾತನ್ನು ಬಹಳಷ್ಟು ಮಂದಿ ವರದಿಯ ಕೊನೆಯ ಪುಟಕ್ಕೆ ತಳ್ಳುತ್ತಾರೆ. ಆ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ನೀವು ಮಾಡಲಿರುವುದು ಏನೆಂದು ಒಮ್ಮೆ ಬಿಡಿಸಿ ಹೇಳಿಕೊಳ್ಳಿ: ಒಂದು ಪ್ರತಿಭಟನೆಯಲ್ಲಿ ಯಾರ ಮಾತನ್ನು ಯಾರು ಕೇಳಿದರು, ಯಾರು ನಡುವಿನಲ್ಲಿದ್ದರು ಎಂಬ ಪಟ್ಟಿ. ಸಂಶೋಧಕರಿಗೆ ಅದು ಜಾಲ. ಬಂಧಿಸಲು ಬರುವವರಿಗೆ ಅದು ಹೆಸರಿನ ಪಟ್ಟಿ. ಇದು ಊಹಾಪೋಹವಲ್ಲ. ಜಿಯೋಫೀಡಿಯಾ ಎಂಬ ಕಂಪನಿ ಸಾಮಾಜಿಕ ತಾಣಗಳ ದತ್ತಾಂಶವನ್ನು ಅಮೆರಿಕದ ಪೊಲೀಸರಿಗೆ ಮಾರುತ್ತಿತ್ತು, ಪ್ರತಿಭಟನಾಕಾರರ ಮೇಲೆ ಕಣ್ಣಿಡಲು ಅದನ್ನು ಬಳಸಲಾಗುತ್ತಿತ್ತು ಎಂಬುದು 2016ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಆಮೇಲೆ ಟ್ವಿಟರ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಅದಕ್ಕೆ ಕಿಟಕಿ ಮುಚ್ಚಿದವು.

‘ಸಾರ್ವಜನಿಕವಾಗಿ ಬರೆದದ್ದಲ್ಲವೇ’ ಎಂಬ ವಾದ ಬರುತ್ತದೆ. ಹೌದು, ಪ್ರತಿಯೊಂದು ಸಂದೇಶವೂ ಸಾರ್ವಜನಿಕ. ಆದರೆ ಹತ್ತು ಸಾವಿರ ಜನರ ಸಂದೇಶಗಳನ್ನು ಸೇರಿಸಿ, ಯಾರು ತಿರುಳು ಎಂದು ಲೆಕ್ಕ ಹಾಕಿದ ಪಟ್ಟಿಯನ್ನು ಅವರಲ್ಲಿ ಯಾರೂ ಪ್ರಕಟಿಸಿರಲಿಲ್ಲ. ಅದನ್ನು ಹುಟ್ಟಿಸಿದವರು ನೀವು, ಹೊಣೆಯೂ ನಿಮ್ಮದೇ.

ಆದ್ದರಿಂದ ಇಳಿಸಿಕೊಳ್ಳುವ ಕ್ಷಣದಲ್ಲಿಯೇ ಹೆಸರು, ಪರಿಚಯ ಸಾಲು, ಚಿತ್ರ, ಸ್ಥಳದ ಗುರುತು ಇವನ್ನು ಬಿಟ್ಟುಬಿಡಿ. ಉಳಿಸಿಕೊಳ್ಳಬೇಕಾದದ್ದು ನಾಲ್ಕೇ: ಮರುಹಂಚಿದ ಖಾತೆಯ ಮುಸುಕು-ಸಂಖ್ಯೆ, ಮೂಲ ಬರೆದ ಖಾತೆಯ ಮುಸುಕು-ಸಂಖ್ಯೆ, ಮೂಲ ಸಂದೇಶದ ಸಂಖ್ಯೆ, ಸಮಯ. ಖಾತೆಯ ಸಂಖ್ಯೆಗೆ ಮುಸುಕು ಹಾಕುವಾಗ ಬರಿಯ ಹ್ಯಾಷ್ ಸಾಲದು, ಅಂದರೆ ಸಂಖ್ಯೆಯನ್ನು ಸೂತ್ರವೊಂದರಿಂದ ಅರ್ಥವಿಲ್ಲದ ಅಕ್ಷರಗಳಾಗಿ ಬದಲಿಸಿದರೆ ಸಾಲದು. ಖಾತೆಸಂಖ್ಯೆಗಳ ಪಟ್ಟಿ ಇರುವ ಯಾರಾದರೂ ಅದೇ ಸೂತ್ರವನ್ನು ಓಡಿಸಿ ಹೊಂದಿಸಿ ನೋಡಬಹುದು. ಒಂದು ಗುಟ್ಟಿನ ಕೀಲಿ ಸೇರಿಸಿ:

```python
import hmac, hashlib
def mask(uid, key):
    h = hmac.new(key, str(uid).encode(), hashlib.sha256)
    return h.hexdigest()[:16]
```

ಕೀಲಿಯನ್ನು ದತ್ತಾಂಶದ ಜೊತೆ ಒಂದೇ ಕಡತಕೋಶದಲ್ಲಿ ಇಡಬೇಡಿ. ಹಾಗೆ ಇಟ್ಟವರನ್ನು ನಾನು ನೋಡಿದ್ದೇನೆ; ಬೀಗದ ಕೈಯನ್ನು ಬೀಗಕ್ಕೇ ಕಟ್ಟಿದ ಹಾಗೆ. ಮೂಲ ಸಂದೇಶದ ಸಂಖ್ಯೆಯಿಂದಲೂ ಬರೆದವರನ್ನು ತಲುಪಬಹುದು. ಅಳಿಸಿದ್ದನ್ನು ಪತ್ತೆಹಚ್ಚುವ ಕೆಲಸ ಮುಗಿಯುವವರೆಗೆ ಮಾತ್ರ ಅದು ಬೇಕು. ಮುಗಿದ ಮೇಲೆ ಅದಕ್ಕೂ ಇದೇ ಮುಸುಕು ಹಾಕಿ.

ಇಷ್ಟಾದರೂ ಮುಸುಕು ಪೂರ್ಣವಲ್ಲ. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ 2009ರಲ್ಲಿ ತೋರಿಸಿದಂತೆ, ಹೆಸರು ಅಳಿಸಿದ ಜಾಲದಲ್ಲಿಯೂ ಕೊಂಡಿಗಳ ಆಕಾರವೇ ಗುರುತು ಬಿಟ್ಟುಕೊಡುತ್ತದೆ. ಟ್ವಿಟರ್ ಮತ್ತು ಫ್ಲಿಕರ್ ಎರಡರಲ್ಲೂ ಖಾತೆ ಇದ್ದವರ ಪೈಕಿ ಮೂರನೆಯ ಒಂದು ಭಾಗವನ್ನು ಅವರು ಆಕಾರದಿಂದಲೇ ಗುರುತಿಸಿದರು. ಹಾಗಾಗಿ ಮುಸುಕು ಹಾಕಿದ ಜಾಲವನ್ನೂ ಪ್ರಕಟಿಸಲು ಬಾರದು. ಮುಸುಕು ಇರುವುದು ನಿಮ್ಮ ಲ್ಯಾಪ್‌ಟಾಪ್ ಕಳೆದುಹೋದ ದಿನಕ್ಕೆ.

ಹಂತ 3: ಸಂಗ್ರಹಿಸಿ, ಸಿಗದೆ ಹೋದದ್ದನ್ನೂ ಬರೆದಿಡಿ

ಟ್ವಿಟರ್ 2021ರಲ್ಲಿ ಸಂಶೋಧಕರಿಗೆ ಹಳೆಯ ಸಂದೇಶಗಳ ಇಡೀ ಭಂಡಾರವನ್ನು ಉಚಿತವಾಗಿ ತೆರೆದಿತ್ತು. 2023ರಲ್ಲಿ ಅದು ಮುಚ್ಚಿತು. ಈಗ ಎಕ್ಸ್‌ನಲ್ಲಿ ದತ್ತಾಂಶಕ್ಕೆ ಹಣ ಕೊಡಬೇಕು. ಬ್ಲೂಸ್ಕೈ ತನ್ನ ಸಾರ್ವಜನಿಕ ಹರಿವನ್ನು ತೆರೆದಿಟ್ಟಿದೆ. ಬೇರೆಬೇರೆಯವರ ಸರ್ವರ್‌ಗಳು ಸೇರಿ ನಡೆಯುವ ಮ್ಯಾಸ್ಟೊಡಾನ್ ತಾಣದಲ್ಲಿ ಹ್ಯಾಷ್‌ಟ್ಯಾಗ್ ಹುಡುಕಬಹುದು, ಆದರೆ ಒಂದು ಸರ್ವರ್ ತನಗೆ ತಲುಪಿದ ಸಂದೇಶಗಳನ್ನು ಮಾತ್ರ ತೋರಿಸುತ್ತದೆ. ಸಣ್ಣ ಸರ್ವರಿನಿಂದ ನೋಡಿದವರಿಗೆ ಪ್ರತಿಭಟನೆಯೇ ಸಣ್ಣದಾಗಿ ಕಾಣುತ್ತದೆ.

ಕಿಟಕಿಗಳಲ್ಲಿ ಎರಡು ಬಗೆ. ಹರಿವು ಎಂದರೆ ಸಂದೇಶಗಳು ಹುಟ್ಟುತ್ತಿದ್ದಂತೆ ಹಿಡಿಯುವುದು. ಹುಡುಕಾಟ ಎಂದರೆ ಆಮೇಲೆ ಕೇಳಿ ಪಡೆಯುವುದು. ಇವೆರಡೂ ಒಂದೇ ಜಾಲವನ್ನು ಕೊಡುವುದಿಲ್ಲ. ಸಾಂಡ್ರಾ ಗೊನ್ಸಾಲೆಸ್-ಬೈಲೋನ್ ಮತ್ತು ಸಂಗಡಿಗರು ಸ್ಪೇನ್‌ನ 2012ರ ಪ್ರತಿಭಟನೆಯನ್ನು ಎರಡೂ ಬಗೆಯಲ್ಲಿ ಸಂಗ್ರಹಿಸಿ ಹೋಲಿಸಿದಾಗ, ಹುಡುಕಾಟದಿಂದ ಬಂದ ಚಿಕ್ಕ ಮಾದರಿಯಲ್ಲಿ ನಡುವಿನ ಖಾತೆಗಳು ಅತಿಯಾಗಿ ತುಂಬಿದ್ದವು, ಅಂಚಿನವರ ಚಿತ್ರ ಕೆಟ್ಟಿತ್ತು. ಅಂಚಿನ ಬಗ್ಗೆ ಪ್ರಶ್ನೆ ಕೇಳುವ ನಮಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಸಾಧ್ಯವಿದ್ದರೆ ಹರಿವನ್ನೇ ಹಿಡಿಯಿರಿ.

ಹರಿವೂ ಪೂರ್ತಿ ಇರುವುದಿಲ್ಲ. ಟ್ವಿಟರ್‌ನ ಹಳೆಯ ಉಚಿತ ಹರಿವು ಒಟ್ಟು ಸಂದೇಶಗಳ ಸುಮಾರು 1% ಕೊಡುತ್ತಿತ್ತು, ಹಳೆಯ ದತ್ತಾಂಶ ಬಳಸುವವರಿಗೆ ಇಂದಿಗೂ ಸಿಗುವುದು ಬಹುತೇಕ ಅದೇ. ಅದು ಯಾದೃಚ್ಛಿಕವೆಂದು ಎಲ್ಲರೂ ನಂಬಿದ್ದರು. 2018ರಲ್ಲಿ ಯುರ್ಗೆನ್ ಫೆಫರ್ ಮತ್ತು ಸಂಗಡಿಗರು ತೋರಿಸಿದ್ದು ಬೇರೆ: ಪ್ರತಿ ಸೆಕೆಂಡಿನ 657ರಿಂದ 666ನೆಯ ಮಿಲಿಸೆಕೆಂಡಿನೊಳಗೆ ತಲುಪಿದ ಸಂದೇಶಗಳನ್ನು ಮಾತ್ರ ಆ ಹರಿವು ಎತ್ತಿಕೊಡುತ್ತಿತ್ತು. ಮನುಷ್ಯರು ಮಿಲಿಸೆಕೆಂಡ್ ನೋಡಿ ಬರೆಯುವುದಿಲ್ಲ, ಹಾಗಾಗಿ ಅವರ ಮಟ್ಟಿಗೆ ಇದು ಹೆಚ್ಚುಕಡಿಮೆ ಯಾದೃಚ್ಛಿಕವೇ. ತಂತ್ರಾಂಶವೇ ನಡೆಸುವ ಯಂತ್ರಖಾತೆ ಮಾತ್ರ ಆ ಕಿಂಡಿಗೆ ಗುರಿಯಿಟ್ಟು ಬರೆದು ಮಾದರಿಯಲ್ಲಿ ತುಂಬಿಕೊಳ್ಳಬಹುದು. ನಿಮ್ಮ ಕೈಯಲ್ಲಿರುವ ಹಳೆಯ ಕಡತ ಯಾವ ಬಗೆಯದೆಂದು ಸಂದೇಶದ ಸಂಖ್ಯೆಯಿಂದಲೇ ಪರೀಕ್ಷಿಸಬಹುದು, ಏಕೆಂದರೆ ಅದರೊಳಗೆ ಸಮಯ ಅಡಗಿದೆ:

```python
ms = (tweet_id >> 22) + 1288834974657
print(ms % 1000)
```

ಉತ್ತರಗಳೆಲ್ಲ 657 ಮತ್ತು 666ರ ನಡುವೆ ಬಿದ್ದರೆ ಅದು ಒಂದು ಪ್ರತಿಶತದ ಹರಿವಿನಿಂದ ಬಂದದ್ದು, ಕಡತ ಕೊಟ್ಟವರು ಏನೇ ಹೇಳಿರಲಿ.

ಸಂಗ್ರಹ ನಡೆಯುವಾಗ ಸಂಪರ್ಕ ಕಡಿದ ಹೊತ್ತು, ಮಿತಿ ಮೀರಿದ ಎಚ್ಚರಿಕೆ, ಹ್ಯಾಷ್‌ಟ್ಯಾಗ್ ಪಟ್ಟಿ ಬದಲಾದ ಗಳಿಗೆ, ಎಲ್ಲವನ್ನೂ ಒಂದು ದಿನಚರಿಯಲ್ಲಿ ಬರೆದಿಡಿ. ಮಿತಿ ಮೀರುವುದು ಜನ ಅತಿ ಹೆಚ್ಚು ಬರೆಯುವ ಗಂಟೆಯಲ್ಲಿಯೇ. ದಿನಚರಿ ಇಲ್ಲದವರ ನಕ್ಷೆಯಲ್ಲಿ ಆ ಗಂಟೆ ಸಪಾಟಾಗಿ ಕಾಣುತ್ತದೆ, ಅವರು ಅದನ್ನು ‘ಸ್ಥಿರಗೊಂಡ ಹಂತ’ ಎಂದು ಬಣ್ಣಿಸುತ್ತಾರೆ.

ಹಂತ 4: ಮಾದರಿ ಅಂಚನ್ನು ಹೇಗೆ ನುಂಗುತ್ತದೆಂದು ಲೆಕ್ಕ ಹಾಕಿ ನೋಡಿ

ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿದರೆ ಮರೆಯುವುದಿಲ್ಲ. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾನು ಕಟ್ಟಿದವು, ಯಾವ ಪ್ರತಿಭಟನೆಯವೂ ಅಲ್ಲ.

ಒಂದು ಹ್ಯಾಷ್‌ಟ್ಯಾಗಿಗೆ 40,000 ಮರುಹಂಚಿಕೆಗಳಿವೆ ಎಂದುಕೊಳ್ಳಿ. 10,000 ಜನ ತಲಾ ಒಂದು ಸಲ ಹಂಚಿದ್ದಾರೆ. 900 ಜನ ತಲಾ 20 ಸಲ, ಅಂದರೆ 18,000. ಇನ್ನು 60 ಜನ ತಲಾ 200 ಸಲ, ಅಂದರೆ 12,000. ಒಟ್ಟು ಖಾತೆಗಳು 10,960. ಒಂದೇ ಸಲ ಹಂಚಿದವರು ಖಾತೆಗಳಲ್ಲಿ 91%, ಮರುಹಂಚಿಕೆಗಳಲ್ಲಿ 25%.

ಈಗ ಇದರಿಂದ 1% ಮಾದರಿ ತೆಗೆಯಿರಿ. ಒಂದೇ ಸಲ ಹಂಚಿದವನು ಮಾದರಿಯಲ್ಲಿ ಸಿಗುವ ಸಾಧ್ಯತೆ ನೂರಕ್ಕೆ ಒಂದು. ಹತ್ತು ಸಾವಿರದಲ್ಲಿ ಸುಮಾರು 100 ಜನ ಸಿಗುತ್ತಾರೆ. 20 ಸಲ ಹಂಚಿದವನು ಒಮ್ಮೆಯಾದರೂ ಸಿಗುವ ಸಾಧ್ಯತೆ ಸುಮಾರು 18%. 900ರಲ್ಲಿ 164 ಜನ. 200 ಸಲ ಹಂಚಿದವನದು ಸುಮಾರು 87%; 60ರಲ್ಲಿ 52 ಜನ. ನಿಮ್ಮ ಕಡತದಲ್ಲಿ ಒಟ್ಟು 316 ಖಾತೆಗಳು. ಅದರಲ್ಲಿ ಒಂದೇ ಸಲ ಹಂಚಿದ ಜನರ ಪಾಲು 32%. ಇದ್ದದ್ದು 91%, ಕಂಡದ್ದು 32%.

ತೊಂದರೆ ಇಲ್ಲಿಗೇ ನಿಲ್ಲುವುದಿಲ್ಲ. ಆ 316 ಖಾತೆಗಳಲ್ಲಿ ಯಾರು ನಿಜಕ್ಕೂ ಒಂದೇ ಸಲ ಹಂಚಿದವರೆಂದು ಕಡತ ನೋಡಿ ಹೇಳಲಾರಿರಿ. ಮಾದರಿಯಲ್ಲಿ ಒಮ್ಮೆ ಮಾತ್ರ ಕಾಣುವ ಖಾತೆಗಳು ಸುಮಾರು 265. ಅವುಗಳಲ್ಲಿ 149 ಖಾತೆಗಳು 20 ಸಲ ಹಂಚಿದ ಗುಂಪಿನವು, 16 ಖಾತೆಗಳು 200 ಸಲ ಹಂಚಿದವರವು. ‘ಒಮ್ಮೆ ಹಂಚಿ ಸುಮ್ಮನಾದವರು’ ಎಂದು ನೀವು ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗಲ್ಲ.

ಹಾಗಾದರೆ ಮಾದರಿ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ. ಮಾದರಿಯ 400 ಮರುಹಂಚಿಕೆಗಳಲ್ಲಿ ಒಂದೇ ಸಲ ಹಂಚಿದವರಿಂದ ಬಂದವು 100, ಅಂದರೆ 25%, ಮೂಲದಲ್ಲಿ ಇದ್ದಷ್ಟೇ. ಸಂದೇಶಗಳನ್ನು ಘಟಕವಾಗಿ ಎಣಿಸಿದರೆ ಪಾಲು ಉಳಿಯುತ್ತದೆ, ಜನರನ್ನು ಘಟಕವಾಗಿ ಎಣಿಸಿದರೆ ಕೆಡುತ್ತದೆ. ಎಷ್ಟು ಮರುಹಂಚಿಕೆಗಳು ಯಾವ ಗಂಟೆಯಲ್ಲಿ, ಯಾವ ಭಾಷೆಯಲ್ಲಿ, ಯಾವ ಮೂಲ ಸಂದೇಶಕ್ಕೆ ಎಂಬ ಪ್ರಶ್ನೆಗಳಿಗೆ ಸಣ್ಣ ಮಾದರಿಯೂ ಒದಗುತ್ತದೆ. ಎಷ್ಟು ಜನ, ಸರಾಸರಿ ಎಷ್ಟು ಸಲ, ಮೊದಲು ಯಾರು ಎಂಬ ಪ್ರಶ್ನೆಗಳಿಗೆ ಒದಗುವುದಿಲ್ಲ. ‘ಮೊದಲು ಯಾರು’ ಎಂಬುದಂತೂ ಎಲ್ಲಕ್ಕಿಂತ ಅಪಾಯಕಾರಿ. ನೂರಕ್ಕೊಂದರ ಮಾದರಿಯಲ್ಲಿ ನಿಮಗೆ ಮೊದಲು ಸಿಗುವ ಸಂದೇಶ ಸರಾಸರಿಯಲ್ಲಿ ನೂರನೆಯದು. ಅದನ್ನು ಬರೆದವರನ್ನು ‘ಚಳವಳಿ ಶುರು ಮಾಡಿದವರು’ ಎಂದು ತೋರಿಸಿದರೆ ಲೆಕ್ಕವೂ ತಪ್ಪು, ಆ ಮನುಷ್ಯನಿಗೆ ಮಾಡಿದ ಅನ್ಯಾಯವೂ ಹೌದು.

ಹಂತ 5: ಕೊಂಡಿಗಳನ್ನು ಕಟ್ಟಿ, ಕಾಣೆಯಾದ ನಡುಗೊಂಡಿಯನ್ನು ನೆನಪಿಡಿ

ಕಡತದಲ್ಲಿ ಸಾಲಿಗೊಂದು ಮರುಹಂಚಿಕೆ ಇರಲಿ: `src` ಮೂಲ ಬರೆದವರು, `dst` ಮರುಹಂಚಿದವರು, `orig` ಮೂಲ ಸಂದೇಶ, `t` ಸಮಯ. ಅದನ್ನು `pandas`ನಲ್ಲಿ `df` ಎಂಬ ಹೆಸರಿನಿಂದ ತೆರೆದುಕೊಳ್ಳಿ. ಬಾಣದ ದಿಕ್ಕು ಮೂಲದಿಂದ ಮರುಹಂಚಿದವರ ಕಡೆಗೆ, ಏಕೆಂದರೆ ಮಾತು ಹರಿದದ್ದು ಆ ಕಡೆಗೆ. ದಿಕ್ಕನ್ನು ತಿರುಗುಮುರುಗು ಮಾಡಿ ಅತಿ ಹೆಚ್ಚು ಮರುಹಂಚುವ ಯಂತ್ರಖಾತೆಯನ್ನು ‘ಅತಿ ಪ್ರಭಾವಿ’ ಎಂದು ಪ್ರಕಟಿಸಿದವರಿದ್ದಾರೆ.

ಇಲ್ಲಿ ಒಂದು ಗುಂಡಿ ಇದೆ. ಒಬ್ಬರು ಬರೆದದ್ದನ್ನು ಎರಡನೆಯವರು ಮರುಹಂಚಿದರು; ಮೂರನೆಯವರು ಅದನ್ನು ಎರಡನೆಯವರ ಪುಟದಲ್ಲಿ ನೋಡಿ ಮರುಹಂಚಿದರು. ಟ್ವಿಟರ್‌ನ ದತ್ತಾಂಶದಲ್ಲಿ ಇದು ಹೇಗೆ ದಾಖಲಾಗುತ್ತದೆ ಗೊತ್ತೇ? ಮೂರನೆಯವರು ನೇರವಾಗಿ ಮೊದಲನೆಯವರಿಂದ ಹಂಚಿದಂತೆ. ನಡುವಿನವರು ಮಾಯ. ಆದ್ದರಿಂದ ಮರುಹಂಚಿಕೆಯ ಜಾಲದಲ್ಲಿ ಎಲ್ಲವೂ ನಕ್ಷತ್ರದ ಆಕಾರದಲ್ಲಿ ಕಾಣುತ್ತದೆ, ನಡುವೆ ಒಬ್ಬ ದೊಡ್ಡವನು, ಸುತ್ತ ಸಾವಿರ ಕಿರಣಗಳು. ‘ನಾಲ್ಕು ದೊಡ್ಡ ಖಾತೆಗಳೇ ಹರಡಿದವು’ ಎಂಬ ತೀರ್ಮಾನದ ಅರ್ಧ ಬಲ ಈ ದಾಖಲಾತಿಯ ಪದ್ಧತಿಯಿಂದಲೇ ಬಂದದ್ದು.

ಯಾರು ಯಾರನ್ನು ಹಿಂಬಾಲಿಸುತ್ತಾರೆಂಬ ಪಟ್ಟಿ ಇದ್ದರೆ ನಡುಗೊಂಡಿಯನ್ನು ಊಹಿಸಬಹುದು: ಮರುಹಂಚಿದವರು ಹಿಂಬಾಲಿಸುವವರಲ್ಲಿ ಅದೇ ಸಂದೇಶವನ್ನು ಅವರಿಗಿಂತ ಸ್ವಲ್ಪ ಮೊದಲು ಹಂಚಿದವರು ಯಾರೋ ಅವರಿಂದ ಬಂತೆಂದು ಎಣಿಸುವುದು. ತಾಣದ ಗಣಕ ಸೂತ್ರವೇ ಅಪರಿಚಿತರ ಸಂದೇಶಗಳನ್ನು ಮುಂದೆ ತಳ್ಳುವ ಈ ಕಾಲದಲ್ಲಿ ಆ ಊಹೆಯೂ ಸಡಿಲ. ಮೇಲಾಗಿ ಹಿಂಬಾಲಕರ ಪಟ್ಟಿ ಸಂಗ್ರಹಿಸಿದರೆ ಹ್ಯಾಷ್‌ಟ್ಯಾಗನ್ನೇ ಮುಟ್ಟದವರೂ ನಿಮ್ಮ ಕಡತಕ್ಕೆ ಬೀಳುತ್ತಾರೆ. ಎರಡನೆಯ ಹಂತ ನೆನಪಿದ್ದರೆ, ನನ್ನ ಸಲಹೆ ಅದನ್ನು ಬಿಟ್ಟುಬಿಡಿ ಎಂದೇ. ನಡುಗೊಂಡಿ ಕಾಣದೆಂದು ವರದಿಯಲ್ಲಿ ಒಂದು ವಾಕ್ಯ ಬರೆಯಿರಿ.

ಹಂತ 6: ತಿರುಳನ್ನು ಬೇರ್ಪಡಿಸಿ

ಯಾರಿಗೆ ಹೆಚ್ಚು ಕೊಂಡಿಗಳಿವೆಯೋ ಅವರೇ ತಿರುಳು ಎನ್ನುವುದು ಸುಲಭ, ಆದರೆ ಸರಿಯಲ್ಲ. ಬಾರ್ಬೆರಾ ತಂಡ ಬಳಸಿದ್ದು ಈರುಳ್ಳಿ ಸುಲಿಯುವಂಥ ವಿಧಾನವನ್ನು. ಮೊದಲು ಒಂದೇ ಕೊಂಡಿ ಇರುವ ಖಾತೆಗಳನ್ನು ತೆಗೆಯಿರಿ. ಅವು ಹೋದಾಗ ಇನ್ನು ಕೆಲವು ಖಾತೆಗಳಿಗೆ ಒಂದೇ ಕೊಂಡಿ ಉಳಿಯುತ್ತದೆ, ಅವನ್ನೂ ತೆಗೆಯಿರಿ. ತೆಗೆಯಲು ಯಾವುದೂ ಉಳಿಯದಾಗ ಎರಡು ಕೊಂಡಿ ಇರುವವುಗಳಿಂದ ಮತ್ತೆ ಶುರು. ಯಾವ ಸುತ್ತಿನಲ್ಲಿ ಖಾತೆ ಕಳಚಿಕೊಂಡಿತೋ ಅದು ಅದರ ಪದರ ಸಂಖ್ಯೆ. ಪೈಥಾನ್‌ನಲ್ಲಿ ನಾಲ್ಕು ಸಾಲು:

```python
import networkx as nx
U = nx.from_pandas_edgelist(df, "src", "dst")
U.remove_edges_from(list(nx.selfloop_edges(U)))
core = nx.core_number(U)
```

ಮೂರನೆಯ ಸಾಲು ಬಿಟ್ಟರೆ ದೋಷ ತೋರಿಸಿ ನಿಲ್ಲುತ್ತದೆ. ತಮ್ಮ ಸಂದೇಶವನ್ನು ತಾವೇ ಮರುಹಂಚುವವರು ಎಲ್ಲ ಕಡತದಲ್ಲೂ ಇರುತ್ತಾರೆ.

ಈ ವಿಧಾನದ ಗುಣವೇನೆಂದರೆ, ಐದು ಸಾವಿರ ಜನ ತಲಾ ಒಮ್ಮೆ ಮರುಹಂಚಿದ, ಅವರಾರಿಗೂ ಬೇರೆ ಕೊಂಡಿ ಇಲ್ಲದ ಒಬ್ಬ ಪ್ರಖ್ಯಾತನ ಪದರ ಸಂಖ್ಯೆ ಕೇವಲ 1. ಕಿರಣಗಳು ಮೊದಲ ಸುತ್ತಿನಲ್ಲೇ ಉದುರುತ್ತವೆ, ಅವನೂ ಅವುಗಳೊಡನೆ ಹೋಗುತ್ತಾನೆ. ತಿರುಳಿಗೆ ಸೇರಬೇಕಾದರೆ ಹೆಣೆದುಕೊಂಡವರ ನಡುವೆ ಹೆಣೆದುಕೊಂಡಿರಬೇಕು. ಪ್ರಖ್ಯಾತಿಗೂ ಚಳವಳಿಯೊಳಗಿನ ಸ್ಥಾನಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಬೀಳುತ್ತದೆ. ಆದರೆ ಒಳಪದರದಲ್ಲಿ ಒಂದು ಗುಂಪು ಎದ್ದು ಕಂಡರೆ, ಅದು ಸಂಘಟಕರದೇ ಎಂದು ನಂಬುವ ಮೊದಲು ಸಮಯ ನೋಡಿ. ಹತ್ತಾರು ಖಾತೆಗಳು ಒಂದೇ ಸಂದೇಶಗಳ ಸರಣಿಯನ್ನು ಒಂದೆರಡು ಸೆಕೆಂಡುಗಳ ಅಂತರದಲ್ಲಿ, ಒಂದೇ ಕ್ರಮದಲ್ಲಿ, ಪದೇಪದೇ ಹಂಚಿದ್ದರೆ ಅದು ಬಾಡಿಗೆಯ ಅಥವಾ ಯಂತ್ರದ ಕೈ ಇರಬಹುದು. ಪರಸ್ಪರರನ್ನೇ ಮರುಹಂಚುವ ಯಂತ್ರಖಾತೆಗಳಿಗೆ ಪದರ ಸಂಖ್ಯೆ ಹಿಗ್ಗಿಸುವುದು ಸುಲಭ. ಅವನ್ನು ತೆಗೆದು ಒಮ್ಮೆ, ಉಳಿಸಿ ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ವರದಿ ಮಾಡಿ.

ಆಮೇಲೆ ಪ್ರತಿ ಪದರದವರು ಮಾಡಿದ ಮರುಹಂಚಿಕೆಗಳನ್ನು ಕೂಡಿಸಿ. ಹೊರಪದರದಿಂದ ಒಳಕ್ಕೆ ಒಂದೊಂದೇ ಪದರವನ್ನು ಕಳೆಯುತ್ತ ಹೋದರೆ ಒಟ್ಟು ಎಷ್ಟು ಕುಸಿಯುತ್ತದೆ ಎಂಬ ರೇಖೆಯೇ ನಿಮ್ಮ ಪ್ರಶ್ನೆಗೆ ಉತ್ತರ. ತಿರುಳು ಎಲ್ಲಿ ಶುರುವಾಗುತ್ತದೆಂದು ಒಂದು ಗೆರೆ ಎಳೆಯುವುದಕ್ಕಿಂತ ಇಡೀ ರೇಖೆಯನ್ನು ತೋರಿಸುವುದು ಪ್ರಾಮಾಣಿಕ.

ಹಂತ 7: ನಿಮ್ಮ ದತ್ತಾಂಶವನ್ನು ನೀವೇ ತೆಳುವಾಗಿಸಿ ಪರೀಕ್ಷಿಸಿ

ಕೈಯಲ್ಲಿರುವುದೇ ಮಾದರಿ, ಪೂರ್ತಿ ರಾಶಿ ಹೇಗಿತ್ತೆಂದು ಗೊತ್ತಿಲ್ಲ. ಆದರೂ ಒಂದು ಪರೀಕ್ಷೆ ಸಾಧ್ಯ. ಇರುವುದರಲ್ಲೇ ಅರ್ಧ, ಐದನೆಯ ಒಂದು, ಹತ್ತನೆಯ ಒಂದು ಭಾಗ ತೆಗೆದು ಇಡೀ ಲೆಕ್ಕವನ್ನು ಮತ್ತೆ ಮಾಡಿ:

```python
for p in (0.5, 0.2, 0.1):
    s = df.sample(frac=p, random_state=7)
    # ಇಲ್ಲಿ ಹಂತ 6ನ್ನು s ಮೇಲೆ ಓಡಿಸಿ
```

`random_state` ಬದಲಿಸಿ ಪ್ರತಿಯೊಂದನ್ನೂ ಇಪ್ಪತ್ತು ಮೂವತ್ತು ಸಲ ಮಾಡಿ. ಅರ್ಧಕ್ಕಿಳಿಸಿದಾಗಲೇ ಉತ್ತರ ತಿರುಗಿಬಿದ್ದರೆ, ನಿಮ್ಮ ಮೂಲ ಉತ್ತರವೂ ಗಟ್ಟಿಯಲ್ಲ. ಅದು ಇನ್ನೂ ದೊಡ್ಡ ರಾಶಿಯಿಂದ ಹೀಗೆಯೇ ಇಳಿದು ಬಂದದ್ದು ತಾನೇ? ಹತ್ತನೆಯ ಒಂದಕ್ಕೆ ಇಳಿಸಿದರೂ ರೇಖೆಯ ಆಕಾರ ಉಳಿದರೆ ಸ್ವಲ್ಪ ಧೈರ್ಯದಿಂದ ಬರೆಯಬಹುದು. ಪದರ ಸಂಖ್ಯೆಗಳು ಹೇಗೂ ಚಿಕ್ಕದಾಗುತ್ತವೆ, ಆದ್ದರಿಂದ ಅವುಗಳ ಬೆಲೆಯನ್ನಲ್ಲ, ಪದರಗಳ ಕ್ರಮವನ್ನು ಹೋಲಿಸಿ.

ಇನ್ನೊಂದು ಅಡ್ಡ-ಪರೀಕ್ಷೆಯೂ ಇದೆ. ಮೂಲ ಸಂದೇಶದ ಜೊತೆಗೆ ಅದಕ್ಕೆ ಒಟ್ಟು ಎಷ್ಟು ಮರುಹಂಚಿಕೆ ಆಯಿತೆಂಬ ಎಣಿಕೆಯನ್ನು ತಾಣವೇ ಕೊಡುತ್ತದೆ. ನಿಮ್ಮ ಕಡತದಲ್ಲಿ ಅದಕ್ಕೆ 300 ಸಿಕ್ಕಿ, ತಾಣ 2,000 ಎಂದರೆ, ಆ ಸಂದೇಶದ ಮಟ್ಟಿಗೆ ನಿಮ್ಮ ಹಿಡಿತ 15%. ದೊಡ್ಡ ಸಂದೇಶಗಳಿಗೂ ಸಣ್ಣವಕ್ಕೂ ಈ ಹಿಡಿತ ಬೇರೆಬೇರೆ ಇದ್ದರೆ ಮಾದರಿ ಒಂದು ಕಡೆಗೆ ವಾಲಿದೆ. ಅಳಿಸಿದ ಮರುಹಂಚಿಕೆಗಳು ತಾಣದ ಎಣಿಕೆಯಿಂದ ಕಳೆದುಹೋಗುತ್ತವೆ, ಹಾಗಾಗಿ ಇದೂ ಅಂದಾಜೇ.

ಹಂತ 8: ಪ್ರಕಟಿಸುವಾಗ

ಸಂದೇಶಗಳನ್ನು ಪದಶಃ ಉಲ್ಲೇಖಿಸಬೇಡಿ. ಒಂದು ವಾಕ್ಯವನ್ನು ಹುಡುಕುಪಟ್ಟಿಗೆ ಅಂಟಿಸಿದರೆ ಸಾಕು, ಬರೆದವರ ಪುಟ ತೆರೆಯುತ್ತದೆ. ಮುಸುಕು ಹಾಕಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ತಾತ್ಪರ್ಯ ಬರೆಯಿರಿ, ಬರೆದದ್ದನ್ನು ನೀವೇ ಒಮ್ಮೆ ಹುಡುಕಿ ನೋಡಿ. ಜಾಲಚಿತ್ರದಲ್ಲಿ ಹೆಸರು ಬೇಡ. ಸಂಸ್ಥೆಗಳು, ಸುದ್ದಿವಾಹಿನಿಗಳು, ಚುನಾಯಿತರು ಇವರನ್ನು ಹೆಸರಿಸಬಹುದು, ಸಾಮಾನ್ಯ ಜನರನ್ನಲ್ಲ. ಸಾವಿರ ಮರುಹಂಚಿಕೆ ಕಂಡ ಮಾತ್ರಕ್ಕೆ ಒಬ್ಬ ವಿದ್ಯಾರ್ಥಿನಿ ಸಾರ್ವಜನಿಕ ವ್ಯಕ್ತಿಯಾಗುವುದಿಲ್ಲ. ಪಟ್ಟಿಗಳಲ್ಲಿ ಹತ್ತಕ್ಕಿಂತ ಕಡಿಮೆ ಖಾತೆಗಳಿರುವ ಗುಂಪನ್ನು ಪ್ರತ್ಯೇಕ ತೋರಿಸದೆ ಪಕ್ಕದ ಗುಂಪಿಗೆ ಸೇರಿಸಿ. ಆ ಹತ್ತು ನಾನು ಇಟ್ಟುಕೊಂಡ ಗಡಿ. ದಮನ ಜೋರಾಗಿರುವ ಕಡೆ ಅದನ್ನು ಇನ್ನೂ ಏರಿಸಿ.

ಅಳಿಸಿದ ಸಂದೇಶಗಳ ವಿಷಯದಲ್ಲಿ ನಿಜವಾದ ಇಕ್ಕಟ್ಟಿದೆ. ಪ್ರತಿಭಟನೆ ಮುಗಿದು ಬಂಧನಗಳು ಶುರುವಾದಾಗ ಜನ ತಮ್ಮ ಸಂದೇಶಗಳನ್ನು ಅಳಿಸುತ್ತಾರೆ. ಅವನ್ನು ನಿಮ್ಮ ಕಡತದಿಂದಲೂ ತೆಗೆದರೆ ಅಪಾಯ ಕಂಡವರೇ ಜಾಲದಿಂದ ಕಾಣೆಯಾಗುತ್ತಾರೆ, ಲೆಕ್ಕ ವಾಲುತ್ತದೆ. ತೆಗೆಯದಿದ್ದರೆ ಅವರು ಹಿಂತೆಗೆದುಕೊಂಡ ಮಾತನ್ನು ನೀವು ಇಟ್ಟುಕೊಂಡಂತಾಗುತ್ತದೆ. ನಾನು ಮಾಡುವುದು ಹೀಗೆ: ನಿಗದಿತ ದಿನದಂದು ಮೂಲ ಸಂದೇಶಗಳನ್ನು ತಾಣದಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತೇನೆ, ಇಲ್ಲವಾದವುಗಳ ಸಾಲುಗಳನ್ನು ತೆಗೆಯುತ್ತೇನೆ, ಗಂಟೆಗೆ ಎಷ್ಟು ಸಾಲು ತೆಗೆದೆ ಎಂಬ ಒಟ್ಟು ಎಣಿಕೆಯನ್ನು ಮಾತ್ರ ಉಳಿಸುತ್ತೇನೆ. ವರದಿಯಲ್ಲಿ ಆ ಎಣಿಕೆ ಬರುತ್ತದೆ. ಯಾವ ಗಂಟೆಯ ಮಾತು ಹೆಚ್ಚು ಅಳಿದಿದೆ ಎಂಬುದು ಎಷ್ಟೋ ಸಲ ಜಾಲಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಬೇರೆ ಸಂಶೋಧಕರು ದತ್ತಾಂಶ ಕೇಳಿದರೆ ಪದರವಾರು ಒಟ್ಟುಗಳನ್ನು, ಸಂಗ್ರಹದ ದಿನಚರಿಯನ್ನು, ಪೈಥಾನ್ ಕಡತವನ್ನು ಕೊಡಿ. ಸಂದೇಶಗಳ ಸಂಖ್ಯೆಗಳನ್ನು ಮಾತ್ರ ಹಂಚುವ ರೂಢಿ ಇದೆ, ಅಳಿಸದೆ ಉಳಿದವನ್ನು ಅವರೇ ತಾಣದಿಂದ ಮತ್ತೆ ಪಡೆದುಕೊಳ್ಳಲಿ ಎಂದು. ಚಳವಳಿ ಇನ್ನೂ ಬಿಸಿಯಾಗಿರುವಾಗ ಅದನ್ನೂ ಕೊಡಬೇಡಿ. ಪರಿಶೀಲನೆಯೆಲ್ಲ ಮುಗಿದ ದಿನ ಮುಸುಕಿನ ಕೀಲಿಯನ್ನು ಅಳಿಸಿ, ಅದರ ಬ್ಯಾಕಪ್ ಪ್ರತಿಯನ್ನೂ ಅಳಿಸಿ, ಅಳಿಸಿದ ತಾರೀಖನ್ನು ದಿನಚರಿಯ ಕೊನೆಯ ಸಾಲಾಗಿ ಬರೆಯಿರಿ.